ಕೆಂಪು ಚುಕ್ಕೆ ನೋಡದ ತಿಂಗಳು

ಹಿರಿಯೂರಿನ ಹೈವೇ ಪಕ್ಕದ ನಮ್ಮ ಟೈರಂಗಡಿಯಲ್ಲಿ ಇಬ್ಬರೇ ಕೆಲಸ ಮಾಡುತ್ತಿದ್ದೆವು, ನಾನು ಮತ್ತು ನನ್ನ ಹೆಂಡತಿ. ಟೈರು ಬಿಚ್ಚಿ ಹಾಕುವುದು ನನ್ನ ಪಾಲು. ಚಕ್ರದ ತೂಕ ಸುತ್ತಲೂ ಸಮ ಇದೆಯೇ ಅಂತ ನೋಡುವ ಬ್ಯಾಲೆನ್ಸಿಂಗ್ ಮಿಷನ್ನು ಅವಳದು. ಹೊಸ ಟೈರು ಬಂದರೆ ಮೊದಲು ಒದ್ದೆ ಬಟ್ಟೆಯಲ್ಲಿ ಅದರ ಪಕ್ಕೆ ಒರೆಸಿ, "ಕೆಂಪು ಇಲ್ಲೈತೆ ನೋಡ್ರಿ" ಅನ್ನುತ್ತಿದ್ದಳು. ಅಚ್ಚಿನಲ್ಲಿ ಎಷ್ಟೇ ನೀಟಾಗಿ ಮಾಡಿದರೂ ಟೈರು ಪೂರ್ತಿ ಗುಂಡಗಿರುವುದಿಲ್ಲ. ಒಂದು ಕಡೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಆ ಜಾಗಕ್ಕೆ ಫ್ಯಾಕ್ಟರಿಯವರು ಕೆಂಪು ಚುಕ್ಕೆ ಇಡುತ್ತಾರೆ. ಟೈರು ಕೂರುವ ಕಬ್ಬಿಣದ ರಿಮ್ಮಿನಲ್ಲೂ ಒಂದು ಕಡೆ ತಗ್ಗಿರುತ್ತದೆ. ಅಲ್ಲಿಗೆ ಒಂದು ಸಣ್ಣ ಗುಳಿ ಒತ್ತಿರುತ್ತಾರೆ. ಉಬ್ಬನ್ನು ತಗ್ಗಿಗೆ ಕೂರಿಸಿದರೆ ಚಕ್ರ ಗುಂಡಗೆ ಓಡುತ್ತದೆ. ಉಬ್ಬಿನ ಮೇಲೆ ಉಬ್ಬು ಕೂತರೆ ಓಡುವಾಗ ಎತ್ತಿ ಎತ್ತಿ ಹಾಕುತ್ತದೆ.

ಅವಳು ಒಂದು ಬೆಳಗ್ಗೆ ತಲೆನೋವು ಅಂದಳು. ಮಧ್ಯಾಹ್ನದ ಹೊತ್ತಿಗೆ ಅವಳೇ ಇರಲಿಲ್ಲ. ಕಾರ್ಯ ಎಲ್ಲಾ ಮುಗಿದ ಮಾರನೇ ದಿನವೇ ನಾನು ಅಂಗಡಿ ಬಾಗಿಲು ತೆಗೆದೆ. ಮನೆಯಲ್ಲಿ ಕೂತು ಮಾಡುವುದೇನೂ ಇರಲಿಲ್ಲ. ಜನ ನನ್ನ ಧೈರ್ಯ ದೊಡ್ಡದು ಅಂದರು. ಧೈರ್ಯ ಅಲ್ಲ ಅದು. ಕಾಲಿಗೆ ಜೋಮು ಹಿಡಿದಾಗ ಗಿಲ್ಲಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ. ಟೈರು ಎತ್ತುತ್ತಿದ್ದೆ, ಹಾಕುತ್ತಿದ್ದೆ, ಗಾಳಿ ತುಂಬುತ್ತಿದ್ದೆ. ಮಿಷನ್ನಿನಲ್ಲಿ ಸೊನ್ನೆ ಬರುವತನಕ ರಿಮ್ಮಿಗೆ ತೂಕದ ತುಂಡು ಬಡಿದು ಕಳಿಸುತ್ತಿದ್ದೆ. ಚುಕ್ಕೆ ನೋಡುತ್ತಿರಲಿಲ್ಲ. ನೋಡುತ್ತಿಲ್ಲ ಅನ್ನುವುದೂ ನನಗೆ ತಿಳಿದಿರಲಿಲ್ಲ.

ಆ ತಿಂಗಳಲ್ಲೇ ಒಬ್ಬ ವಯಸ್ಸಾದವರು ತಮ್ಮ ಹಳೇ ಸಣ್ಣ ಕಾರಿಗೆ ನಾಲ್ಕೂ ಹೊಸ ಟೈರು ಹಾಕಿಸಿಕೊಂಡು ಹೋದರು. ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಅವರ ಹೆಂಡತಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಐಮಂಗಲದ ಮೇಲೆ ಚಿತ್ರದುರ್ಗಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಹತ್ತು ದಿನಕ್ಕೆ ಕಾರು ವಾಪಸ್ ಬಂತು. ಅವರ ಹೆಂಡತಿ, ಆ ಅಮ್ಮನವರು, ಹಿಂದಿನ ಸೀಟಿನಲ್ಲೇ ಕೂತಿದ್ದರು.

"ಗಾಡಿ ನಡುಗ್ತೈತಂತೆ. ನಂಗೇನೂ ಗೊತ್ತಾಗಲ್ಲಪ್ಪ, ಇವಳೇ ಹೇಳೋದು" ಅಂದರು ಅವರು.

ನಾಲ್ಕೂ ಚಕ್ರ ಬಿಚ್ಚಿ ಮಿಷನ್ನಿಗೆ ಹಾಕಿದೆ. ನಾಲ್ಕೂ ಸೊನ್ನೆ. ನಾನೇ ಓಡಿಸಿಕೊಂಡು ಹೋಗಿ ಬಂದೆ. ಸ್ಟೇರಿಂಗ್ ಅಲುಗಲಿಲ್ಲ.

"ಮಿಷನ್ ಸುಳ್ಳು ಹೇಳಲ್ಲ ಯಜಮಾನ್ರೆ" ಅಂದೆ.

"ನಾನೂ ಅದನ್ನೇ ಹೇಳ್ದೆ. ಕಾಯಿಲೆಯವಳು, ಅವಳಿಗೆ ಹಂಗನ್ನಿಸ್ತೈತೆ" ಅಂದರು.

ಕಾರು ಹೋಯಿತು. ನಾನು ಮುಂದಿನ ಗಾಡಿಗೆ ಜಾಕು ಕೊಟ್ಟೆ.

ಮತ್ತೆ ನಾಲ್ಕು ದಿನಕ್ಕೆ ಬಂದರು. ಈ ಸಲ ಅಮ್ಮನವರು ಇಳಿದು ನಿಧಾನಕ್ಕೆ ನನ್ನ ಹತ್ತಿರ ನಡೆದು ಬಂದರು. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈ ಅದು.

"ಹೋಗೋವಾಗ ಹೆಂಗೋ ತಡ್ಕಂತೀನಿ. ಬರೋವಾಗ ಮೈಯಾಗೆ ತ್ರಾಣ ಏನೂ ಇರಲ್ಲ, ಆಗ ಆಗಲ್ಲ. ನೀನು ಮುಂದೆ ಕುಂತು ನೋಡಿದ್ರೆ ಏನು ಗೊತ್ತಾಗ್ತೈತೆ? ನನ್ನ ಜೊತೆ ಹಿಂದೆ ಕುಂತ್ಕಳಪ್ಪ" ಅಂದರು.

ಹಿಂದೆ ಕೂತೆ. ಯಜಮಾನರು ಹೈವೇಗೆ ಹತ್ತಿಸಿ ಐಮಂಗಲದ ಕಡೆ ತಿರುಗಿಸಿದರು. ವೇಗ ಎಂಬತ್ತಾಯಿತು. ನನಗೇನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಊಟದ ಉಪ್ಪು ಖಾರವೂ ಗೊತ್ತಾಗುತ್ತಿರಲಿಲ್ಲ.

"ಏನಮ್ಮ, ಸರಿಯಾಗೇ ಐತಲ್ಲ" ಅಂದೆ.

ಅವರು ನನ್ನ ಕೈ ಹಿಡಿದು ಸೀಟಿನ ಕೆಳಗಿನ ಕಬ್ಬಿಣದ ಮೇಲೆ ಇಟ್ಟರು. "ಇಲ್ಲಿ. ಸುಮ್ನೆ ಇಟ್ಕಂಡಿರು."

ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ಬಂತು. ಒಂದೇ ಲೆಕ್ಕದಲ್ಲಿ, ಬಿಡದೆ, ಸಣ್ಣಗೆ ಗುದ್ದುತ್ತಿತ್ತು. ಹಿಂದಿನ ಚಕ್ರದ ನಡುಕ ಸ್ಟೇರಿಂಗಿಗೆ ಹೋಗುವುದಿಲ್ಲ, ಸೀಟಿಗೇ ಬರುತ್ತದೆ. ಹದಿನೈದು ವರ್ಷ ಈ ಕೆಲಸ ಮಾಡಿದವನಿಗೆ ಇದು ಯಾರಾದರೂ ಹೇಳಿಕೊಡಬೇಕಾದ ಮಾತಲ್ಲ.

"ಐತೆ" ಅಂದೆ.

"ನಿನ್ನ ಹೆಂಡ್ರು ಅಂಗಡಿಯಾಗೆ ಇದ್ದಿದ್ರೆ ಮೊದಲೇ ನೋಡಿರೋಳು. ಇದಕ್ಕೆ ಮುಂಚೆ ಒಂದ್ಸಲ ಟೈರು ಹಾಕ್ಸಿದಾಗ ಅವಳೇ ನಂಗೆ ನೀರು ಕೊಟ್ಟು ಕುಂದ್ರಿಸಿದ್ಲು. ಊರಿಗೆ ಹೋಗವಳಾ?"

"ತೀರ್ಕಂಡ್ಲು ಅಮ್ಮ" ಅಂದೆ. ಆ ಮಾತನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಬೇರೆಯವರೇ ಹೇಳಿದ್ದರು.

"ಎಷ್ಟು ದಿನ ಆಯ್ತು?"

ನೆನಪಾಗಲಿಲ್ಲ. ಬೆರಳು ಮಡಿಸಿ ಎಣಿಸಬೇಕಾಯಿತು. ಮೂವತ್ತಾರು ದಿನ. ಯಜಮಾನರು ಕನ್ನಡಿಯಲ್ಲಿ ನನ್ನನ್ನು ನೋಡಿ, ಮುಂದಿನ ತಿರುವಿನಲ್ಲಿ ಗಾಡಿ ತಿರುಗಿಸಿದರು.

ಅಂಗಡಿಗೆ ಬಂದು ಮೊದಲು ಹಿಂದಿನ ಎಡಚಕ್ರ ಬಿಚ್ಚಿ ಮಿಷನ್ನಿಗೆ ಹಾಕಿದೆ. ಸೊನ್ನೆಯೇ ಬಂತು. ತೂಕ ಸರಿ ಇದ್ದರೆ ಮಿಷನ್ನಿಗೆ ಸಾಕು, ಚಕ್ರ ಗುಂಡಗಿದೆಯೋ ಇಲ್ಲವೋ ಅದು ಕೇಳುವುದಿಲ್ಲ. ಬೀರುವಿನಿಂದ ಉಬ್ಬು ತಗ್ಗು ಅಳೆಯುವ ಡಯಲ್ ಗೇಜು ತೆಗೆದು ಅದರ ಮೂತಿಯನ್ನು ಟೈರಿನ ಮೈಗೆ ತಾಗಿಸಿ, ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಮುಳ್ಳು ಎರಡು ಮಿಲ್ಲಿಮೀಟರಿನ ಹತ್ತಿರದವರೆಗೂ ಏರಿ ಇಳಿಯಿತು. ಹೆಚ್ಚು ಏರಿದ ಕಡೆ ಟೈರಿಗೂ ಅದರ ನೇರಕ್ಕೆ ರಿಮ್ಮಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಪಕ್ಕೆಯ ಧೂಳು ಒರೆಸಿದರೆ ಕೆಂಪು ಚುಕ್ಕೆ ಅಲ್ಲೇ ಗೇಣಳತೆಯಲ್ಲಿತ್ತು.

ಟೈರು ಬಿಚ್ಚಿ ಬರೀ ರಿಮ್ಮನ್ನು ಮಿಷನ್ನಿಗೆ ಹಾಕಿ, ಟೈರಿನ ಅಂಚು ಕೂರುವ ಜಾಗಕ್ಕೆ ಒಳಗೂ ಹೊರಗೂ ಗೇಜು ಹಿಡಿದೆ. ಅದರ ತಗ್ಗು ಸುಣ್ಣದ ಗೆರೆಯ ಪೂರ್ತಿ ಎದುರು ಬದಿಗಿತ್ತು. ಅಂದರೆ ರಿಮ್ಮಿನ ಉಬ್ಬಿನ ಮೇಲೇ ಟೈರಿನ ಉಬ್ಬು ಕೂರಿಸಿದ್ದೆ. ತಗ್ಗಿನ ಕಡೆ ಯಾರೋ ಎಂದೋ ಬಳಿದ ಪೇಂಟು ಕೆರೆದಾಗ ಫ್ಯಾಕ್ಟರಿಯ ಗುಳಿ ಕಂಡಿತು. ಅವಳಾಗಿದ್ದರೆ ಮೊದಲ ದಿನವೇ ಉಗುರಲ್ಲಿ ಕೆರೆದು ಹುಡುಕುತ್ತಿದ್ದಳು.

ಅಂಚಿಗೆ ಸೋಪಿನ ನೀರು ಸವರಿ, ಕೆಂಪು ಚುಕ್ಕೆಯನ್ನು ಗುಳಿಯ ನೇರಕ್ಕೆ ತಂದು ಗಾಳಿ ತುಂಬಿದೆ. ಅದೇ ಟೈರಿನಲ್ಲಿ ಹಳದಿ ಚುಕ್ಕೆಯೂ ಇತ್ತು. ಅದು ಟೈರಿನ ಹಗುರ ಜಾಗ. ಬರೀ ಹಳದಿ ಇದ್ದರೆ ಗಾಳಿ ತುಂಬುವ ವಾಲ್ವಿನ ನೇರಕ್ಕೆ ಇಡುತ್ತೇವೆ, ರಿಮ್ಮು ಆ ಕಡೆಗೆ ಭಾರ ಇರುವುದರಿಂದ. ಎರಡೂ ಇದ್ದು ಹೊಂದದೇ ಹೋದರೆ ಕೆಂಪಿನದೇ ಮೊದಲು. ತೂಕದ ವ್ಯತ್ಯಾಸವನ್ನು ತುಂಡು ಬಡಿದು ಸರಿಮಾಡಬಹುದು, ಉಬ್ಬನ್ನು ಹಾಗೆ ಸರಿಮಾಡಲಾಗದು. ಮತ್ತೆ ಗೇಜು ಹಿಡಿದೆ. ಮುಳ್ಳು ಅರ್ಧ ಮಿಲ್ಲಿಮೀಟರು ದಾಟಲಿಲ್ಲ. ಹಳೇ ತುಂಡು ಕಿತ್ತು ಹೊಸದಾಗಿ ಬ್ಯಾಲೆನ್ಸ್ ಮಾಡಿ, ಉಳಿದ ಮೂರು ಚಕ್ರಕ್ಕೂ ಹಾಗೇ ಮಾಡಿದೆ.

"ತಪ್ಪು ನಂದೇ ಯಜಮಾನ್ರೆ. ಅಮ್ಮಂದು ಭ್ರಮೆ ಅಲ್ಲ" ಅಂದೆ.

ಅವರು ಹೆಂಡತಿಯ ಕಡೆ ತಿರುಗಿದರು. ತಾವೇ ಅವರಿಗೆ ಕಾರಿನ ಬಾಗಿಲು ತೆಗೆದು ಹಿಡಿದರು. ಅಮ್ಮನವರು ಕೂರುವ ಮೊದಲು, "ಊಟ ಮಾಡ್ತಿದೀಯಾ?" ಅಂತ ನನ್ನನ್ನು ಕೇಳಿದರು. ಹೂಂ ಅಂದೆ.

ಅವರು ಹೋದ ಮೇಲೆ ಬುಕ್ಕಿನಿಂದ ಆ ತಿಂಗಳ ಗಾಡಿಗಳ ಫೋನ್ ನಂಬರು ತೆಗೆದು ಒಬ್ಬೊಬ್ಬರಿಗೇ ಮಾಡಿದೆ. "ಟೈರು ಹಾಕೋವಾಗ ಸರಿಯಾಗಿ ನೋಡಿಲ್ಲ, ಒಂದ್ಸಲ ತಂದು ನಿಲ್ಸಿ" ಅಂದೆ. ಹನ್ನೊಂದರಲ್ಲಿ ಏಳು ಬಂದವು. ಎರಡರಲ್ಲಿ ಇದೇ ತಪ್ಪಿತ್ತು, ಸರಿಮಾಡಿದೆ. ಭೀಮಸಮುದ್ರದವರೊಬ್ಬರು, "ಏನೂ ತೊಂದ್ರೆ ಇಲ್ವಲ್ಲ ಮಾರಾಯ, ಯಾಕೆ ಬರ್ಲಿ" ಅಂದರು. "ಹಿಂದಿನ ಸೀಟಲ್ಲಿ ಕುಂತೋರನ್ನ ಕೇಳಿ ಹೇಳ್ರಿ" ಅಂದೆ. ಮಾರನೇ ದಿನ ಬಂದರು. ಅವರ ಗಾಡಿಯಲ್ಲಿ ಏನೂ ತಪ್ಪಿರಲಿಲ್ಲ.

ಇಷ್ಟಾದರೂ ನನಗೆ ಅಳು ಬರಲಿಲ್ಲ, ಹಗುರ ಅನ್ನಿಸಲೂ ಇಲ್ಲ. ಕೆಲಸ ಮಾತ್ರ ಸರಿಯಾಗಿ ನಡೆಯತೊಡಗಿತು. ಮುಂದಿನ ವಾರ ಚಿತ್ರದುರ್ಗದಿಂದ ವಾಪಸ್ ಹೋಗುವಾಗ ಯಜಮಾನರು ಅಂಗಡಿ ಮುಂದೆ ಕಾರು ನಿಧಾನ ಮಾಡಿದರು. ನಾನು ಎದ್ದು ರಸ್ತೆಗೆ ಹೋದೆ. ಅವರು ಹಿಂದಿನ ಸೀಟಿನ ಕಡೆಗೆ ಕೈ ತೋರಿಸಿದರು. ಅಮ್ಮನವರು ಬಾಗಿಲಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದರು.