ಸೂರ್ಯ ಮುಳುಗುವ ಮೊದಲಿನ ಊಟ

ಇಂಟರ್ನೆಟ್ ಕನೆಕ್ಟ್ ಆಗುವಾಗ ನಮ್ಮ ಮೋಡೆಮ್ ಮಾಡುತ್ತಿದ್ದ ಕಿರ್ರ್ ಸದ್ದು ಇನ್ನೂ ಕಿವಿಯಲ್ಲಿದೆ. ಸೂರತ್‌ನ ಅಡಾಜಣ್‌ನಲ್ಲಿ ಎದುರು ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಹುಡುಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಳು. ಮಾಲ್ಡೀವ್ಸ್‌ನ ರೆಸಾರ್ಟೊಂದರಲ್ಲಿ ಗೆಸ್ಟ್ ರಿಲೇಷನ್ಸ್ ಕೆಲಸ ಖಾಲಿಯಿತ್ತು; ಅದಕ್ಕೆ ಅರ್ಜಿ ಕಳಿಸಲು ನಮ್ಮ ಮನೆಯ ಕಂಪ್ಯೂಟರಿಗೆ ಬಂದಿದ್ದಳು. ಆ ತಿಂಗಳೊಳಗೆ ಏನೂ ಸಿಗದಿದ್ದರೆ ಊರಿಗೆ ವಾಪಸ್ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು.

ಅವಳ ಕವರ್ ಲೆಟರಿನಲ್ಲಿ ಹಾರ್ಡ್‌ವರ್ಕಿಂಗ್, ಸಿನ್ಸಿಯರ್ ಎಂಬ ಮಾತುಗಳಷ್ಟೇ ಇದ್ದವು.

"ಇಂಥದ್ದನ್ನ ಕಾನ್ವೆಂಟಿನಲ್ಲಿ ನಾವೂ ಬರೆದಿದ್ದೀವಮ್ಮ. ನೀನು ಮಾಡಿದ್ದೇನು, ಅದನ್ನ ಹೇಳು," ಎಂದೆ.

ವಡೋದರಾದ ಹೋಟೆಲಿನಲ್ಲಿ ಟ್ರೇನಿಂಗ್‌ಗಿದ್ದಾಗ, ರೈಲು ತಡವಾಗಿ ಜೈನ ಅಜ್ಜಿಯೊಬ್ಬರು ಸಂಜೆ ಬಂದಿದ್ದರಂತೆ. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಡಿನ್ನರಿಗೆ ಇನ್ನೂ ಹೊತ್ತಿತ್ತು. ಇವಳು ಕಿಚನ್‌ಗೆ ಓಡಿ, ಈರುಳ್ಳಿ, ಆಲೂಗಡ್ಡೆ ಇಲ್ಲದ ಊಟ ಮಾಡಿಸಿ ತಂದಿದ್ದಳು.

"ಕೇಳದ ಹೋಗಿದ್ದಕ್ಕ ಮ್ಯಾನೇಜರ್ ಬೈದ್ರು ಆಂಟಿ. ಅದನ್ನ ಹೆಂಗ ಬರೀಲ್ರಿ?"

"ಬೈಸಿಕೊಂಡಿದ್ದನ್ನೂ ಬರಿ. ಈಗ ಕೇಳಿಕೊಂಡೇ ಓಡ್ತೀನಿ ಅಂತ ಸೇರಿಸು."

ನಕ್ಕಳು, ಆದರೆ ಹಟ ಹಿಡಿದು ಕೂತಳು. ಪೂರಾ ಒಂದು ಪುಟಕ್ಕೆ ಇಳಿಯುವವರೆಗೆ ಟೈಪ್ ಮಾಡಿದಳು, ಅಳಿಸಿದಳು. ಲೈನ್ ಮೂರು ಸಲ ಕಟ್ಟಾಯಿತು. ನಾಲ್ಕನೆಯ ಸಲ ಪತ್ರ ಹೋಯಿತು.

ವಾರದೊಳಗೆ ಫೋನ್ ಇಂಟರ್ವ್ಯೂ. ಅವರು ಮೊದಲು ಕೇಳಿದ್ದೇ ಆ ಅಜ್ಜಿಯ ಊಟದ ಬಗ್ಗೆ. ಕೆಲಸ ಸಿಕ್ಕಿತು.

ಅವಳನ್ನು ಕೊನೆಯ ಸಲ ನೋಡಿದ್ದು ಸೂರತ್ ಸ್ಟೇಷನ್ನಿನಲ್ಲಿ, ಮುಂಬೈ ರೈಲಿನ ಬಾಗಿಲಲ್ಲಿ. ರೈಲು ಹೊರಟಿತ್ತು, ಅವಳು ಇನ್ನೂ ನಗುತ್ತಾ ಕೂಗುತ್ತಿದ್ದಳು:

"ಹೊತ್ತು ಮುಳುಗೂದ್ರಾಗ ಉಂಡಬಿಡ್ರಿ ಆಂಟಿ!"