ಬೊಂಬೆ ಹೊರಗೆ, ಅತ್ತಿಗೆ ಒಳಗೆ

ಹದಿನೆಂಟು ವರ್ಷ ಕತ್ತರಿ ಆಡಿಸಿದ ಕೈ ಮೌಸ್ ಹಿಡಿದರೆ ಮಾತ್ರ ದಾರಿ ತಪ್ಪುತ್ತಿತ್ತು. ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರ್ ಆಗಬೇಕಾದರೆ ಟೈಲರಮ್ಮ ತನ್ನ ಹೊಲಿಗೆ ಕೋಣೆಯಲ್ಲೇ ಕೂತು ಆನ್‌ಲೈನ್ ಪರೀಕ್ಷೆ ಬರೆಯಲೇಬೇಕಿತ್ತು. ಪ್ರಶ್ನೆಗಳೇನೋ ಕನ್ನಡದಲ್ಲಿ, ಕ್ಯಾಮೆರಾದಲ್ಲಿ ಕಾವಲು ಕಾಯುವ ಸಾಫ್ಟ್‌ವೇರಿಗೆ ಮಾತ್ರ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. ಅದರ ತಪಾಸಣೆ ಹೊತ್ತಿಗೆ ಸರಿಯಾಗಿ ಮುಗಿಯದಿದ್ದರೆ ಈ ವರ್ಷದ ಅವಕಾಶ ಕೈತಪ್ಪಿದಂತೆಯೇ.

ಆಗ ಕೈ ಹಿಡಿದವಳು ನಾದಿನಿ. ಮನೆಮಂದಿ ಅವಳನ್ನು ರೇಡಿಯೊ ಅನ್ನುತ್ತಿದ್ದುದು ಸುಮ್ಮನೆ ಅಲ್ಲ, ಮಾತು ನಿಲ್ಲಿಸಿ ಅವಳಿಗೆ ಗೊತ್ತೇ ಇರಲಿಲ್ಲ. ಒಂದು ವಾರದ ತಾಲೀಮಿನಲ್ಲಿ ಅವಳೇ ಮೇಲ್ವಿಚಾರಕಿಯಾಗಿ ಎದುರು ಕೂತು ಗದರಿಸಿದಳು. "ಅತ್ತಿಗೆ, ಮೊದಲು ಮುಖದ ಫೋಟೊ, ಆಮೇಲೆ ಗುರುತಿನ ಚೀಟಿ. ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ, ಮೇಜಿನ ಕೆಳಗೂ ತೋರಿಸಿ. ಮೊಬೈಲ್ ಆಚೆ. ಬಾಯಿಬಿಟ್ಟು ಓದೋ ಹಾಗಿಲ್ಲ. ಬೇರೆಯವರ ದನಿ ಕೇಳಿಸಿದ್ರೆ ಪರೀಕ್ಷೆನೇ ರದ್ದು."

ಪರೀಕ್ಷೆಯ ಬೆಳಿಗ್ಗೆ ಅವಳು ಬಾಗಿಲು ಎಳೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕಾವಲು ಕೂತಳು.

ಮುಖ ಆಯಿತು, ಚೀಟಿ ಆಯಿತು. ಟೈಲರಮ್ಮ ಕೋಣೆಯನ್ನು ಒಂದು ಸುತ್ತು ತೋರಿಸಿ ಉಸಿರು ಬಿಡುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಸಾಲೊಂದು ಮೂಡಿತು. ಎಲ್ಲೋ ಕೂತ ಮೇಲ್ವಿಚಾರಕರು ಬರೆದದ್ದು. ಅವಳಿಗೆ ಗೊತ್ತಾದದ್ದು ಒಂದೇ ಪದ: ಪರ್ಸನ್.

ಯಾವ ಪರ್ಸನ್? ನಾದಿನಿಯನ್ನು ಕರೆಯುವಂತಿಲ್ಲ. ತಿರುಗಿ ನೋಡಿದರೆ ಮೂಲೆಯಲ್ಲಿ ಗಿರಾಕಿಯ ಕೋಟು ತೊಟ್ಟ ಅಳತೆಯ ಬೊಂಬೆ ಠೀವಿಯಿಂದ ನಿಂತಿತ್ತು. ವರ್ಷಾನುಗಟ್ಟಲೆ ಜೊತೆಗೇ ಇದ್ದುದರಿಂದ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ! ಅದನ್ನು ಕ್ಯಾಮೆರಾದ ಮುಂದೆ ಎಳೆದು ತಂದಳು. ಕೋಟು ಬಿಚ್ಚಿ, ತಲೆಯಿಲ್ಲದ ಕತ್ತು ತೋರಿಸಿ, ಸಾಲದೆಂದು ಹೊಟ್ಟೆಗೆ ಎರಡು ಗುಂಡುಪಿನ್ ಚುಚ್ಚಿದಳು.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಾಲು ಬಂತು. ಅದರಲ್ಲಿ 'ಥ್ಯಾಂಕ್ ಯೂ' ಇತ್ತು, 'ರಿಮೂವ್' ಇತ್ತು. ಅಷ್ಟು ಸಾಕಾಯಿತು. ಬಾಗಿಲು ತೆರೆದು ಬೊಂಬೆಯನ್ನೂ ಕೋಟನ್ನೂ ಹೊರಗೆ ಚಾಚಿದಳು. ನಾದಿನಿ ಕಣ್ಣರಳಿಸಿದಳು, ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಎರಡನ್ನೂ ತಬ್ಬಿ ಇಳಿಸಿಕೊಂಡಳು. ಕೋಣೆಯನ್ನು ಮತ್ತೊಮ್ಮೆ ತೋರಿಸಿದ ಮೇಲೆ ಮೊದಲ ಪ್ರಶ್ನೆ ತೆರೆದುಕೊಂಡಿತು. ತೋಳಿನ ಅಳತೆಯ ಬಗ್ಗೆ, ಅದೂ ಕನ್ನಡದಲ್ಲಿ. ಮೌಸ್ ಈಗ ಕತ್ತರಿಯಷ್ಟೇ ಸಲೀಸಾಗಿ ಆಡಿತು.

ಎರಡು ಗಂಟೆಯ ನಂತರ ಪರದೆಯ ಮೇಲೆ 'ಪಾಸ್' ಎಂದು ಬಂತು. ಆ ಇಂಗ್ಲಿಷನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲ ಮುಚ್ಚಿ ಬಾಗಿಲಿಗೆ ಓಡಿದಳು. ಮೆಟ್ಟಿಲ ಮೇಲೆ ರೇಡಿಯೊ ಬೊಂಬೆಯನ್ನು ಪಕ್ಕಕ್ಕೆ ಒರಗಿಸಿಕೊಂಡು, ಕೋಟು ಸುಕ್ಕಾಗದಂತೆ ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಬಂದ ಗಿರಾಕಿಗಳನ್ನೆಲ್ಲ ಬರೀ ಕೈಸನ್ನೆಯಲ್ಲೇ ಸಾಗಹಾಕಿದ್ದಳಂತೆ. ಅತ್ತಿಗೆಯ ಮುಖ ನೋಡಿ ಪಿಸುಗುಟ್ಟಿದಳು:

"ಅತ್ತಿಗೆ, ಈಗ ಮಾತಾಡಬಹುದಾ?"

ಟೈಲರಮ್ಮನ ಕಣ್ಣು ತುಂಬಿ ಬಂತು. ಇವಳ ಋಣ ತೀರಿಸಲಾಗದು ಎನ್ನಿಸಿತು. ಪಕ್ಕದಲ್ಲಿ ಕೂತು ಹೆಗಲಿಗೆ ಕೈ ಹಾಕಿದಳು.

"ಮಾತಾಡೇ ತಾಯಿ. ಇವತ್ತೆಲ್ಲ ನೀನೇ ಮಾತಾಡು, ನಾನು ಕೇಳ್ತೀನಿ."