ಮರುಲೆಕ್ಕದಕ್ಕ

ಗಿರಣಿಯ ಕಾರ್ಮಿಕ ಸಂಘದಲ್ಲಿ ಗುಮಾಸ್ತೆಯಾಗಿದ್ದ ಆಕೆಯನ್ನು ಎಲ್ಲರೂ ಮರುಲೆಕ್ಕದಕ್ಕ ಅಂತಲೇ ಕರೆಯುತ್ತಿದ್ದರು. ಉದ್ದನೆಯ ಪಟ್ಟಿ ಯಾವುದೇ ಇರಲಿ, ಮೇಲಿನಿಂದ ಕೆಳಕ್ಕೆ ಕೂಡಿ ಮೊತ್ತವನ್ನು ಅಡಿಯಲ್ಲಿ ಬರೆಯುವಳು. ಆ ಅಂಚನ್ನು ಮಡಚಿ ಮುಚ್ಚುವಳು. ಆಮೇಲೆ ಕೆಳಗಿನಿಂದ ಮೇಲಕ್ಕೆ ಕೂಡುತ್ತ ಹೋಗಿ ಎರಡನೇ ಮೊತ್ತವನ್ನು ಪಟ್ಟಿಯ ನೆತ್ತಿಯ ಮೇಲೆ ಬರೆಯುವಳು. "ಬಂದ ದಾರೀಲೇ ಮತ್ತೆ ಹೋದ್ರೆ ಎಡವಿದ ಕಲ್ಲಿಗೇ ಮತ್ತೆ ಎಡವ್ತೀವಿ," ಅನ್ನುತ್ತಿದ್ದಳು. "ಒಂದ್ಸಲ ನಾನು ಕೂಡ್ತೀನಿ, ಇನ್ನೊಂದ್ಸಲ ದೇವರು ನೋಡ್ತಾನೆ."

ಆ ಸಲ ಕಾರ್ಯದರ್ಶಿ ಸ್ಥಾನಕ್ಕೆ ನಿಂತವರಲ್ಲಿ ಒಬ್ಬ ಅವಳ ಸ್ವಂತ ತಮ್ಮ. ಅವನದು ಬಟ್ಟೆಗೆ ಬಣ್ಣ ಹಾಕುವ ವಿಭಾಗ. ಹಬೆ, ಆಮ್ಲದ ಘಾಟು ಕುಡಿದು ಕುಡಿದು ಎದೆ ತೂತುಬಿದ್ದ ತಿದಿಯಂತಾಗಿತ್ತು. ಕಾರ್ಯದರ್ಶಿಯಾದವನಿಗೆ ಗಿರಣಿಯ ಕೆಲಸದಿಂದ ಬಿಡುವು, ಸಂಘದ ಕಚೇರಿಯಲ್ಲೇ ಕೂತು ದುಡಿಯಬಹುದು. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ, ತಮ್ಮನ ಉಸಿರು. ಹಾಗಿದ್ದರೂ ಕೂಡುವ ಕೆಲಸ ಅವಳಿಗೇ ಬಂತು. ಎದುರಾಳಿ ಗುಂಡಣ್ಣನೇ ಹೇಳಿದ್ದ: "ಅಕ್ಕ ಕೂಡಿದ್ರೆ ನಂಗೆ ತಕರಾರಿಲ್ಲ. ಬೇರೆಯೋರು ಕೂಡಿದ್ರೆ ನಿದ್ದೆ ಬರಲ್ಲ."

ವಿಭಾಗವಿಭಾಗದ ಮತಗಳನ್ನು ಎಣಿಸಿ, ಇಬ್ಬರ ಹೆಸರಿನಡಿ ಎರಡು ಉದ್ದ ಸಾಲಾಗಿ ಬರೆದಾಗಿತ್ತು. ಎಣಿಕೆಯ ಕೋಣೆಯೊಳಗೆ ಮೊಬೈಲು ತರುವಂತಿಲ್ಲ, ಅದು ಸಂಘದ ನಿಯಮ. ಮೇಜಿನ ಆಚೆ ಚುನಾವಣೆ ನಡೆಸಿಕೊಡಲು ಬಂದ ನಿವೃತ್ತ ಮೇಷ್ಟ್ರು. ಕಿಟಕಿಯ ಸರಳುಗಳ ಹೊರಗೆ ತಮ್ಮ, ಅವನ ಬೆನ್ನಿಗೆ ಗದ್ದಲ ಎಬ್ಬಿಸುತ್ತಿದ್ದ ಗೆಳೆಯರು.

ತಮ್ಮನ ಸಾಲು ಮೇಲಿನಿಂದಲೂ ಕೆಳಗಿನಿಂದಲೂ ೧೧೮೭ ಬಂತು. ಗುಂಡಣ್ಣನ ಸಾಲನ್ನು ಮೇಲಿನಿಂದ ಕೂಡಿದಾಗ ೧೧೮೩. ಅಕ್ಕನ ಎದೆ ಹಗುರವಾಯಿತು. ಸರಳಿಗೆ ಮೂಗು ಒತ್ತಿ ನಿಂತಿದ್ದವನೊಬ್ಬ ಆ ಅಂಕಿ ನೋಡಿಬಿಟ್ಟ.

"ನಾಲ್ಕು ಮತ! ಗೆದ್ವಿ ಕಣ್ರೋ!"

ಹೊರಗೆ ತಮ್ಮನನ್ನು ಹೆಗಲ ಮೇಲೆ ಎತ್ತಿದರು. ಅವನು ನಗುತ್ತ ಕೆಮ್ಮಿದ, ಕೆಮ್ಮುತ್ತ ನಕ್ಕ.

ಅಕ್ಕ ಅಡಿಯ ಅಂಚನ್ನು ಮಡಚಿದಳು.

"ಅಕ್ಕಾ, ಸಾಕು ಬಿಡೇ!" ಹೆಗಲ ಮೇಲಿಂದಲೇ ತಮ್ಮ ಕೂಗಿದ. "ಇವತ್ತೊಂದಿನ ದೇವರಿಗೂ ರಜ ಕೊಡು!"

ಎಲ್ಲರೂ ನಕ್ಕರು. ಹೊರಗೇ ಒಂದು ಪಕ್ಕಕ್ಕೆ ನಿಂತಿದ್ದ ಗುಂಡಣ್ಣ ನಗಲಿಲ್ಲ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಅವರ ಕೈಗೆ ಹಾಳೆ ಕೊಟ್ಟರೆ ಮುಗಿಯಿತು, ಕೇಳುವವರಿಲ್ಲ. ಅಕ್ಕ ಅರೆಗಳಿಗೆ ಕಣ್ಣು ಮುಚ್ಚಿದಳು. ಬೇಡಿಕೊಳ್ಳಬೇಕೆಂದರೆ ಏನು ಬೇಡಬೇಕೆಂದೇ ತೋಚಲಿಲ್ಲ. ಪೆನ್ಸಿಲನ್ನು ಕೊನೆಯ ಅಂಕಿಯ ಮೇಲಿಟ್ಟು ಮೇಲಕ್ಕೆ ಹತ್ತತೊಡಗಿದಳು.

ಬಿಡಿ ಸಾಲು ೧೧೩. ಮೂರು ಬರೆದು ಹನ್ನೊಂದನ್ನು ದಶಕವಾಗಿ ಹತ್ತರ ಸಾಲಿಗೆ ಏರಿಸಿದಳು. ಆ ಸಾಲನ್ನೂ ಕೆಳಗಿನಿಂದ ಹತ್ತಿ ಮುಗಿಸಿದಳು. ಪಟ್ಟಿಯ ನೆತ್ತಿಯ ಮೇಲೆ ೧೧೯೩ ಬಂದು ಕೂತಿತು.

ಹತ್ತರ ವ್ಯತ್ಯಾಸ. ಹಾಗಾದರೆ ತಮ್ಮ ಆರು ಮತದಿಂದ ಸೋತಂತೆ.

ಯಾವುದು ಸರಿ? ಇಳಿಯುವಾಗ ತಪ್ಪಿದ್ದೋ, ಹತ್ತುವಾಗಲೋ? ಅವಳ ಮುಖ ಬಲ್ಲವನು ತಮ್ಮ. ಹೆಗಲಿನಿಂದ ಇಳಿದು ಕಿಟಕಿಗೆ ಬಂದಿದ್ದ.

"ಏನಾಯ್ತೇ?"

ಅವಳು ಹೊಸ ಚೀಟಿ ತೆಗೆದಳು. ಈ ಸಲ ದಶಕ ಏರಿಸುವ ಗೊಡವೆಯೇ ಬೇಡವೆಂದು ಬಿಡಿಗಳನ್ನೇ ಬೇರೆ ಕೂಡಿ ೧೧೩ ಅಂತ ಪೂರ್ತಿ ಬರೆದಳು. ಹತ್ತುಗಳನ್ನೇ ಬೇರೆ ಕೂಡಿದಳು, ೧೦೮ ಬಂತು. ಅದನ್ನು ಒಂದು ಮನೆ ಎಡಕ್ಕೆ ಸರಿಸಿ ಕೆಳಗಿಟ್ಟು ಕೂಡಿದಳು. ೧೧೯೩.

ಮಡಿಕೆ ಬಿಚ್ಚಿ ನೋಡಿದಳು. ಮೊದಲ ಸಲ ಬಿಡಿಯಿಂದ ಏರಿಸಿ ಬರೆದ ಪುಟ್ಟ ದಶಕದಂಕಿ ಹನ್ನೊಂದರ ಬದಲು ಹತ್ತಾಗಿತ್ತು. ಆ ಗದ್ದಲದಲ್ಲಿ ಅವಳೇ ಬರೆದದ್ದು, ಅವಳದೇ ಕೈ.

"ಮೇಷ್ಟ್ರೇ, ಮೊದಲನೆಯದು ತಪ್ಪು. ಗುಂಡಣ್ಣಂಗೆ ಆರು ಮತ ಜಾಸ್ತಿ." ಚೀಟಿಯನ್ನೂ ಹಾಳೆಯನ್ನೂ ಅವರ ಮುಂದಿಟ್ಟಳು.

"ಒಡಹುಟ್ಟಿದೋಳೇ ಕತ್ತು ಕುಯ್ದಳಲ್ಲೋ!" ಹೊರಗಿಂದ ಯಾರೋ ಅಂದರು.

ತಮ್ಮ ಬಾಗಿಲು ತಳ್ಳಿಕೊಂಡು ಒಳಬಂದ. ಕಣ್ಣು ಕೆಂಡವಾಗಿತ್ತು. ಹಾಳೆ ಕಿತ್ತುಕೊಂಡು, ಅವಳ ಕೈಯ ಪೆನ್ಸಿಲನ್ನೂ ಕಿತ್ತುಕೊಂಡು, ನಿಂತಲ್ಲೇ ಕೂಡತೊಡಗಿದ. ಕೆಳಗಿನಿಂದ ಮೇಲಕ್ಕೆ. ನಡುವೆ ಕೆಮ್ಮು ಬಂದು ತಪ್ಪಿದ, ಮತ್ತೆ ಅಡಿಯಿಂದ ಶುರುಮಾಡಿದ. ನೆತ್ತಿ ಮುಟ್ಟಿದಾಗ ಅವನಿಗೂ ೧೧೯೩ ಬಂತು.

"ಒಪ್ಪಿದೆ ಅಂತ ಎಲ್ಲಿ ಸಹಿ ಹಾಕ್ಬೇಕು ಮೇಷ್ಟ್ರೇ?"

ಮೇಷ್ಟ್ರ ಪೆನ್ನಿನಲ್ಲಿ ಸಹಿ ಹಾಕಿ, ಪೆನ್ಸಿಲನ್ನು ಅಕ್ಕನ ಮುಂದಿಟ್ಟ. "ಒಂದ್ಸಲಕ್ಕೇ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ನೀನು ನಿಜವಾಗ್ಲೂ ಗೆದ್ದೆ ಅಂತ ದಿನಾ ನಂಗೆ ನಾನೇ ಹೇಳ್ಕೋಬೇಕಿತ್ತು ಕಣೋ."

ಮಾರನೆಯ ದಿನ ಪಾಳಿಯ ಸೈರನ್ನು ಕೂಗುವ ಮೊದಲು ಅಕ್ಕ ಗಿರಣಿಯ ಬಾಗಿಲಲ್ಲಿ ಕಾದಿದ್ದಳು. ತನ್ನ ಹಳೇ ಸೀರೆ ಹರಿದು, ಎರಡು ಪದರ ಮಾಡಿ ಹೊಲಿದ ಬಟ್ಟೆಯನ್ನು ಅವನ ಮೂಗಿಗೆ ಕಟ್ಟಿದಳು. ಅವನು ತಲೆ ಬಗ್ಗಿಸಿ ಕೊಟ್ಟ. ಗಂಟು ಬಿಗಿಯಾಯಿತೇ ಅಂತ ಅವಳು ಎರಡು ಸಲ ಎಳೆದು ನೋಡಿದಳು.